ಏಳೇ ಮಕ್ಕಳು ಸರಿ: ಎರಡು ಪ್ರಶ್ನೆ, ಎರಡು ಕಥೆ

ಜುಲೈ ಮಳೆಗೆ ನಾಲ್ಕು ದಿನ ರಜೆ ಕೊಟ್ಟು ಶಾಲೆ ಮತ್ತೆ ತೆರೆದಿತ್ತು. ಸೋಮವಾರಪೇಟೆ ಕಡೆಯ ಒಂದು ಶಾಲೆಯ ಟೀಚರ್ ಆರನೇ ತರಗತಿಯ ಭಿನ್ನರಾಶಿ ವರ್ಕ್‌ಶೀಟ್‌ಗಳ ಕಟ್ಟು ಹಿಡಿದು ನನ್ನ ಹತ್ತಿರ ಬಂದರು. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ತರಗತಿಯಲ್ಲಿ 24 ಮಕ್ಕಳು, ಅವತ್ತು ಬಂದವರು 23. ಹಾಳೆಗಳನ್ನೆಲ್ಲ ತಿದ್ದಿ, ಪ್ರತಿ ಮಗುವಿನ ಒಟ್ಟು ಅಂಕವನ್ನು ಎಕ್ಸೆಲ್‌ಗೆ ತುಂಬಿದ್ದರು.

"ಮೇಡಂ, ಹತ್ತಕ್ಕೆ ನಾಲ್ಕು, ಐದು ತೆಗೆದವರೇ ಜಾಸ್ತಿ. ನಾಳೆ ಏನು ಪಾಠ ಮಾಡಲಿ ಅಂತ ಇದರಲ್ಲಿ ಗೊತ್ತಾಗ್ತಿಲ್ಲ" ಎಂದರು.

ಗೊತ್ತಾಗುವುದಕ್ಕೆ ದಾರಿಯೇ ಇರಲಿಲ್ಲ. ಮಗು ಯಾವ ಪ್ರಶ್ನೆಗೆ ಯಾವ ಉತ್ತರ ಬರೆದಿದೆ ಎಂಬುದು ಹಾಳೆಯಲ್ಲೇ ಉಳಿದಿತ್ತು. ಕಂಪ್ಯೂಟರಿಗೆ ಹೋದದ್ದು ಒಟ್ಟು ಅಂಕ ಮಾತ್ರ. ಹಾಗಾಗಿ ಆ ಫೈಲ್ ಪಕ್ಕಕ್ಕಿಟ್ಟು ಹೊಸದನ್ನು ಮಾಡಿದೆವು. ಈ ಸಲ ಅಂಕ ಹಾಕಲಿಲ್ಲ. ಮಗು ಗುರುತು ಮಾಡಿದ ಅಕ್ಷರವನ್ನೇ ತುಂಬಿದೆವು. ಅಂಕ ಹಾಕುವ ಕೆಲಸ ಶೀಟಿನದು.

ಶೀಟಿನ ರೂಪ ಹೀಗಿದೆ. A ಕಾಲಂನಲ್ಲಿ ಹಾಜರಿ ಸಂಖ್ಯೆ, B ಯಲ್ಲಿ ಹೆಸರು. C ಯಿಂದ L ವರೆಗೆ ಹತ್ತು ಪ್ರಶ್ನೆಗಳು, M ನಲ್ಲಿ ಒಟ್ಟು. ಮೊದಲ ಸಾಲಿನಲ್ಲಿ ಪ್ರಶ್ನೆ ಸಂಖ್ಯೆ. ಎರಡನೇ ಸಾಲಿನಲ್ಲಿ ಕೀ ಉತ್ತರ. 3ರಿಂದ 26ನೇ ಸಾಲಿನವರೆಗೆ ಮಕ್ಕಳು. ಒಬ್ಬರು ಹಾಳೆ ನೋಡಿ "ಎ, ಸಿ, ಸಿ, ಬಿ" ಎಂದು ಓದುತ್ತಾ ಹೋದರೆ ಇನ್ನೊಬ್ಬರು ಟೈಪ್ ಮಾಡಬಹುದು. ಕಾಲು ಗಂಟೆಯಲ್ಲಿ ಮುಗಿಯಿತು.

ಇಲ್ಲಿ ಒಂದು ಸಣ್ಣ ನಿಯಮವನ್ನು ಮೊದಲೇ ಮಾಡಿಕೊಳ್ಳಬೇಕು. ಮಗು ಬಂದಿದೆ, ಆದರೆ ಆ ಪ್ರಶ್ನೆಯನ್ನು ಬಿಟ್ಟಿದೆ ಎಂದರೆ X ಹಾಕಿ. ಮಗು ಬಂದೇ ಇಲ್ಲ ಎಂದರೆ ಇಡೀ ಸಾಲನ್ನು ಖಾಲಿ ಬಿಡಿ. ಎರಡನ್ನೂ ಖಾಲಿ ಬಿಟ್ಟರೆ ಶೀಟಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪ್ರಶ್ನೆ ಬಿಟ್ಟ ಮಗುವೂ ರಜೆ ಹಾಕಿದ ಮಗುವಿನ ಹಾಗೆ ಆ ಪ್ರಶ್ನೆಯ ಲೆಕ್ಕದಿಂದ ಹೊರಗುಳಿಯುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಯ ಮಕ್ಕಳು ಎಷ್ಟೋ ದಿನ ಬರುವುದಿಲ್ಲ. ಆಗ ಈ ಒಂದು ತಪ್ಪು ಇಡೀ ತರಗತಿಯ ಲೆಕ್ಕವನ್ನು ಕೆಡಿಸುತ್ತದೆ.

ಒಟ್ಟು ಅಂಕಕ್ಕೆ M3 ಸೆಲ್‌ನಲ್ಲಿ ಈ ಫಾರ್ಮುಲಾ ಬರೆದು ಕೆಳಗೆ ಎಳೆಯಿರಿ:

```
=IF(COUNTA(C3:L3)=0,"",SUMPRODUCT(--(C3:L3=C$2:L$2)))
```

ಮಗುವಿನ ಹತ್ತು ಉತ್ತರಗಳನ್ನು ಇದು ಕೀ ಸಾಲಿನ ಜೊತೆ ಒಂದೊಂದಾಗಿ ಹೋಲಿಸುತ್ತದೆ. ಹೊಂದಿದರೆ 1, ಇಲ್ಲದಿದ್ದರೆ 0. ಕೊನೆಗೆ ಕೂಡಿಸುತ್ತದೆ. ಸಾಲು ಪೂರ್ತಿ ಖಾಲಿ ಇದ್ದರೆ ಏನನ್ನೂ ತೋರಿಸುವುದಿಲ್ಲ. `C$2` ಎಂಬಲ್ಲಿರುವ ಡಾಲರ್ ಗುರುತನ್ನು ಮರೆಯಬೇಡಿ. ಅದಿಲ್ಲದೆ ಕೆಳಗೆ ಎಳೆದರೆ ಎರಡನೇ ಮಗುವಿನ ಉತ್ತರವನ್ನು ಮೊದಲ ಮಗುವಿನ ಉತ್ತರದ ಜೊತೆ ಹೋಲಿಸಲು ಶುರು ಮಾಡುತ್ತದೆ.

ಇನ್ನು ಪ್ರಶ್ನೆವಾರು ವರದಿ. ನನ್ನ ಮಟ್ಟಿಗೆ ಈ ಶೀಟಿನ ಜೀವ ಇರುವುದೇ ಇಲ್ಲಿ. C28ರಲ್ಲಿ ಎಷ್ಟು ಮಕ್ಕಳು ಸರಿ, C29ರಲ್ಲಿ ಎಷ್ಟು ಮಕ್ಕಳ ಉತ್ತರ ತುಂಬಿದ್ದೇವೆ ಎಂಬುದು ಬರಲಿ. B30ರಿಂದ B34ರವರೆಗೆ A, B, C, D, X ಎಂದು ಒಂದರ ಕೆಳಗೆ ಒಂದು ಬರೆಯಿರಿ. C30ರ ಫಾರ್ಮುಲಾವನ್ನು 34ನೇ ಸಾಲಿನವರೆಗೆ ಎಳೆಯಿರಿ. C35 ತಾಳೆ ನೋಡುವ ಸೆಲ್.

```
C28: =SUMPRODUCT(--(C$3:C$26=C$2))
C29: =COUNTA(C$3:C$26)
C30: =COUNTIF(C$3:C$26,$B30)
C35: =C29-SUM(C30:C34)
```

ಎಲ್ಲವನ್ನೂ ಬಲಕ್ಕೆ L ವರೆಗೆ ಎಳೆದರೆ ಹತ್ತು ಪ್ರಶ್ನೆಗೂ ವರದಿ ಸಿದ್ಧ.

35ನೇ ಸಾಲಿನಲ್ಲಿ ಎಲ್ಲ ಕಡೆ ಸೊನ್ನೆ ಇರಬೇಕು. ನಮ್ಮ ಶೀಟಿನಲ್ಲಿ ಒಂದು ಕಡೆ 1 ಬಂತು. ಹುಡುಕಿದರೆ ಒಂದು ಸೆಲ್‌ನಲ್ಲಿ B ಆದ ಮೇಲೆ ಸ್ಪೇಸ್ ಬಿದ್ದಿತ್ತು. ಕಣ್ಣಿಗೆ ಅದು B ಯೇ, ಶೀಟಿಗೆ ಅದು ಬೇರೆ ಉತ್ತರ. ಸರಿ ಬರೆದ ಮಗುವಿಗೆ ಒಂದು ಅಂಕ ಸುಮ್ನೆ ಹೋಗುತ್ತಿತ್ತು. ಇದು ಆಗಲೇಬಾರದು ಎಂದರೆ ಉತ್ತರ ತುಂಬುವ ಸೆಲ್‌ಗಳನ್ನೆಲ್ಲ ಆಯ್ದು, Data ಮೆನುವಿನ Data Validation ಒಳಗೆ ಹೋಗಿ, ಆ ಐದು ಅಕ್ಷರಗಳ ಪಟ್ಟಿ ಕೊಡಿ. ಲಿಬ್ರೆಆಫೀಸ್‌ನಲ್ಲಿ ಅದರ ಹೆಸರು Validity. ಬೇರೆ ಏನು ಟೈಪ್ ಮಾಡಿದರೂ ಒಪ್ಪದಂತೆ ಮಾಡಬಹುದು.

ಈಗ ಟೀಚರ್ ತಂದ ಪ್ರಶ್ನೆಗೆ ಬರೋಣ. 28ನೇ ಸಾಲನ್ನು ನೋಡಿದರೆ ನಾಲ್ಕನೇ ಪ್ರಶ್ನೆಗೂ ಏಳನೇ ಪ್ರಶ್ನೆಗೂ ಒಂದೇ ಸಂಖ್ಯೆ: 7. ಎರಡೂ ಕಷ್ಟ, ಎರಡನ್ನೂ ಇನ್ನೊಂದು ಸಲ ಹೇಳಿಕೊಡಬೇಕು ಎಂದು ಅಲ್ಲಿಗೇ ಬಿಡಬಹುದಿತ್ತು. ಕೆಳಗಿನ ಸಾಲುಗಳನ್ನು ನೋಡಿ.

ನಾಲ್ಕನೇ ಪ್ರಶ್ನೆ: ಇವುಗಳಲ್ಲಿ ಯಾವುದು ದೊಡ್ಡದು? A 1/8, B 1/6, C 1/3, D 1/4. ಸರಿಯುತ್ತರ C. ಬಂದ ಉತ್ತರಗಳು A 12, B 2, C 7, D 1, X 1.

ಏಳನೇ ಪ್ರಶ್ನೆ: 1/2 + 1/3 ಎಷ್ಟು? A 2/5, B 5/6, C 1/6, D 2/6. ಸರಿಯುತ್ತರ B. ಬಂದ ಉತ್ತರಗಳು A 5, B 7, C 4, D 5, X 2.

ನಾಲ್ಕರಲ್ಲಿ ಹನ್ನೆರಡು ಮಕ್ಕಳು ಒಂದೇ ಕಡೆ ಹೋಗಿದ್ದಾರೆ. ಅದು ಊಹೆಯಲ್ಲ, ಅವರ ತಲೆಯಲ್ಲಿ ಒಂದು ನಿಯಮ ಇದೆ. ಮೂರಕ್ಕಿಂತ ಎಂಟು ದೊಡ್ಡದು, ಆದ್ದರಿಂದ 1/3ಕ್ಕಿಂತ 1/8 ದೊಡ್ಡದು ಎಂಬ ನಿಯಮ. ಆ ಮಕ್ಕಳಿಗೆ ಪಾಠವನ್ನು ಮೊದಲಿನಿಂದ ಮಾಡಿದರೆ ಉಪಯೋಗ ಕಡಿಮೆ. ಆ ನಿಯಮ ತಪ್ಪು ಎಂದು ಅವರ ಕಣ್ಣಿಗೇ ಕಾಣಬೇಕು. ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಮೂರು ಪಾಲು, ಎಂಟು ಪಾಲು ಮಡಿಸಿ ಒಂದರ ಪಕ್ಕ ಒಂದು ಇಡಿಸಬೇಕು.

ಏಳರಲ್ಲಿ ಹಾಗಿಲ್ಲ. ಉತ್ತರಗಳು ನಾಲ್ಕೂ ಕಡೆ ಚೆಲ್ಲಿವೆ. ನಾಲ್ಕು ಆಯ್ಕೆ ಇದ್ದಾಗ 23 ಮಕ್ಕಳು ಕಣ್ಣುಮುಚ್ಚಿ ಗುರುತು ಹಾಕಿದರೂ ಸುಮಾರು ಆರು ಮಂದಿಯದು ಸರಿಯಾಗುತ್ತದೆ. ಅಂದರೆ ಈ ಏಳು ಮಂದಿಗೆ ಗೊತ್ತಿದೆ ಎಂದೂ ಹೇಳಲಾಗುವುದಿಲ್ಲ. ಕೇಳಿದಾಗ ಟೀಚರ್ ಹೇಳಿದರು, ಛೇದ ಬೇರೆಯಿರುವ ಭಿನ್ನರಾಶಿಗಳ ಸಂಕಲನ ಮಾಡಬೇಕಿದ್ದ ವಾರವೇ ಮಳೆ ರಜೆ ಬಂತು ಎಂದು. ಆ ಪಾಠ ಅರ್ಧಕ್ಕೆ ನಿಂತಿತ್ತು. ಇಲ್ಲಿ ತಿದ್ದಬೇಕಾದ ತಪ್ಪು ನಂಬಿಕೆ ಇಲ್ಲ, ಕಲಿಸಬೇಕಾದ ಪಾಠ ಬಾಕಿ ಇದೆ.

ಇದು ಕಾಣಬೇಕಾದರೆ ತಪ್ಪು ಆಯ್ಕೆಗಳನ್ನು ಯೋಚಿಸಿ ಕೊಟ್ಟಿರಬೇಕು. 2/5 ಎಂಬುದು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ಮಗುವಿಗಾಗಿ ಇಟ್ಟ ಆಯ್ಕೆ. 1/6 ಇರುವುದು ಗುಣಿಸುವ ಮಗುವಿಗಾಗಿ. ಜಾಗ ತುಂಬಲೆಂದು 17/40 ಎಂದು ಬರೆದಿದ್ದರೆ ಅದನ್ನು ಆಯ್ದ ಮಗುವಿನ ಬಗ್ಗೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಒಂಬತ್ತನೇ ಪ್ರಶ್ನೆಯಲ್ಲಿ ಬೇರೆಯದೇ ಸಂಗತಿ ಹೊರಬಂತು. 12 ಕೆಜಿ ಕರಿಮೆಣಸಿನಲ್ಲಿ 3/4 ಭಾಗ ಮಾರಿದರೆ ಉಳಿದದ್ದು ಎಷ್ಟು? B 3 ಕೆಜಿ, C 9 ಕೆಜಿ. ವರದಿಯಲ್ಲಿ 9 ಮಕ್ಕಳು ಸರಿ ಎಂದಿತ್ತು. ಅನುಮಾನ ಪಡುವಂಥ ಸಂಖ್ಯೆ ಅಲ್ಲ. ಆದರೆ ಒಟ್ಟು ಅಂಕದ ಪ್ರಕಾರ ಹೆಚ್ಚಿನಿಂದ ಕಡಿಮೆಗೆ ಜೋಡಿಸಿ ನೋಡಿದಾಗ, ಮೊದಲ ಎಂಟು ಮಕ್ಕಳಲ್ಲಿ ಏಳು ಮಂದಿ ಈ ಪ್ರಶ್ನೆ ತಪ್ಪಿದ್ದರು. ಏಳು ಮಂದಿಯೂ B ಎಂದಿದ್ದರು. ಚೆನ್ನಾಗಿ ಮಾಡುವ ಮಕ್ಕಳೆಲ್ಲ ಒಟ್ಟಾಗಿ ಒಂದೇ ಉತ್ತರಕ್ಕೆ ಹೋದರೆ ಮೊದಲು ಕೀ ಉತ್ತರವನ್ನು ನೋಡಬೇಕು. ಕೀ ಬರೆಯುವಾಗ ಮಾರಿದ ಭಾಗವನ್ನು ಲೆಕ್ಕ ಹಾಕಿ C ಎಂದು ಹಾಕಲಾಗಿತ್ತು. ಪ್ರಶ್ನೆ ಕೇಳಿದ್ದು ಉಳಿದದ್ದನ್ನು. K2 ಸೆಲ್‌ನಲ್ಲಿ C ತೆಗೆದು B ಹಾಕಿದೆವು. ಅಷ್ಟೇ, 23 ಮಕ್ಕಳ ಅಂಕವನ್ನೂ ಶೀಟು ತಾನಾಗಿ ಮತ್ತೆ ಲೆಕ್ಕ ಹಾಕಿತು. ಸರಿ ಮಾಡಿದವರು 11 ಆದರು. ಬರೀ ಸರಿ-ತಪ್ಪು ತುಂಬಿದ್ದರೆ ಎಲ್ಲ ಹಾಳೆಗಳನ್ನೂ ಮತ್ತೆ ತೆರೆಯಬೇಕಿತ್ತು, ಅಲ್ವಾ? ಅದಕ್ಕಿಂತ ಮುಖ್ಯ, ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ.

ಹೀಗೆ ಜೋಡಿಸುವಾಗ A3ರಿಂದ M26ರವರೆಗೆ ಪೂರ್ತಿ ಆಯ್ದುಕೊಳ್ಳಿ. ಹೆಸರಿನ ಕಾಲಂ ಒಂದನ್ನೇ ಆಯ್ದು ಜೋಡಿಸಿದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಉತ್ತರ ಬಂದು ಕೂರುತ್ತದೆ. ಕೀ ಸಾಲು ಆಯ್ಕೆಯೊಳಗೆ ಬರಬಾರದು. ರಜೆ ಹಾಕಿದ ಮಗುವಿನ ಸಾಲು ಎಲ್ಲರಿಗಿಂತ ಮೇಲೆ ಹೋಗಿ ನಿಲ್ಲಬಹುದು, ಅದರಿಂದ ತೊಂದರೆಯಿಲ್ಲ.

ಇನ್ನು C ಎಂದ ಒಂಬತ್ತು ಮಕ್ಕಳ ವಿಷಯ. ಅವರಿಗೆ ಹನ್ನೆರಡರ ಮುಕ್ಕಾಲು ಎಷ್ಟು ಎಂಬುದು ಗೊತ್ತಿದೆ. "ಉಳಿದದ್ದು" ಎಂಬಲ್ಲಿ ಎಡವಿದ್ದಾರೆ. ಅವಸರವೋ, ಪದ ಅರ್ಥವಾಗಲಿಲ್ಲವೋ ಎಂಬುದನ್ನು ಶೀಟು ಹೇಳುವುದಿಲ್ಲ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ ಆಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಹಾಗಾಗಿ ಇಬ್ಬರು ಮೂವರನ್ನು ಹತ್ತಿರ ಕರೆದು, ಪ್ರಶ್ನೆಯನ್ನು ಅವರ ಮಾತಿನಲ್ಲೇ ಹೇಳಿಸಿ ಕೇಳಿ ಎಂದೆ. ಶೀಟಿನಿಂದ ಯಾರನ್ನು ಕೇಳಬೇಕು, ಏನನ್ನು ಕೇಳಬೇಕು ಎಂಬುದು ಗೊತ್ತಾಗುತ್ತದೆ. ಕೇಳುವ ಕೆಲಸ ಟೀಚರದೇ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿದ್ದರೆ ಏನು ಮಾಡುವುದು ಎಂದು ತುಂಬಾ ಜನ ಕೇಳುತ್ತಾರೆ. ಮಗು ಬರೆದದ್ದನ್ನು ನೇರವಾಗಿ ಟೈಪ್ ಮಾಡಲು ಹೋಗಬೇಡಿ. 3/4 ಎಂದು ಹೊಡೆದರೆ ಎಕ್ಸೆಲ್ ಅದನ್ನು ಏಪ್ರಿಲ್ 3 ಎಂಬ ತಾರೀಖು ಮಾಡಿಬಿಡುತ್ತದೆ. ಆಮೇಲೆ ಸೆಲ್ಲನ್ನು Text ಎಂದು ಬದಲಾಯಿಸಿದರೂ ಭಿನ್ನರಾಶಿ ವಾಪಸ್ ಬರುವುದಿಲ್ಲ, ಯಾವುದೋ ಐದಂಕಿಯ ಸಂಖ್ಯೆ ಕಾಣುತ್ತದೆ. ತುಂಬುವ ಮೊದಲೇ Text ಮಾಡಿಕೊಂಡರೆ ಇದು ತಪ್ಪುತ್ತದೆ. ಆದರೂ 3/4 ಮತ್ತು 6/8 ಎರಡೂ ಸರಿ ಎಂಬುದು ಶೀಟಿಗೆ ತಿಳಿಯದು. ನಾನು ಮಾಡುವುದು ಇಷ್ಟು: ಮೊದಲು ಆರೇಳು ಹಾಳೆ ತಿರುವಿ ಯಾವ ತಪ್ಪು ಮತ್ತೆ ಮತ್ತೆ ಬರುತ್ತಿದೆ ಎಂದು ನೋಡುತ್ತೇನೆ. ಸರಿ ಇರುವುದಕ್ಕೆಲ್ಲ A, ಪದೇ ಪದೇ ಬರುವ ತಪ್ಪಿಗೆ B, ಎರಡನೆಯದಕ್ಕೆ C, ಉಳಿದ ತಪ್ಪುಗಳಿಗೆ D. ಕೀ ಸಾಲಿನಲ್ಲಿ A. ಅದೇ ಶೀಟು, ಅದೇ ಫಾರ್ಮುಲಾ ಸಾಕು.

ಇಷ್ಟು ಸಣ್ಣ ತರಗತಿಯಲ್ಲಿ ಒಂದೆರಡು ಮಕ್ಕಳ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ. ಒಂದು ಪ್ರಶ್ನೆಗೆ 14, ಇನ್ನೊಂದಕ್ಕೆ 16 ಸರಿ ಎಂದರೆ ಎರಡೂ ಒಂದೇ ಮಟ್ಟ ಎಂದುಕೊಳ್ಳಿ. ಶೇಕಡಾವಾರು ಲೆಕ್ಕವನ್ನೂ ನಾನು ಹಾಕುವುದಿಲ್ಲ. ಒಂದು ಮಗು ಆಚೀಚೆ ಆದರೆ ಶೇಕಡಾ ನಾಲ್ಕು ಏರಿಳಿಯುತ್ತದೆ, ನೋಡಿದವರು ಅದನ್ನೇ ದೊಡ್ಡದು ಎಂದುಕೊಳ್ಳುತ್ತಾರೆ.

ಮುಂದಿನ ವರ್ಕ್‌ಶೀಟಿಗೆ ಫೈಲಿನ ಪ್ರತಿ ಮಾಡಿ, C3ರಿಂದ L26ರವರೆಗೆ ಅಳಿಸಿ, ಕೀ ಸಾಲು ಬದಲಿಸಿದರೆ ಆಯಿತು. ಟೀಚರ್ ಹತ್ತು ದಿನ ಬಿಟ್ಟು ಹಾಗೆಯೇ ಮಾಡಿದರು. ಕಾಗದದ ಪಟ್ಟಿ ಮಡಿಸಿದ ಮೇಲೆ 1/5, 1/9, 1/2, 1/7 ಕೊಟ್ಟು ಯಾವುದು ದೊಡ್ಡದು ಎಂದು ಕೇಳಿದ್ದರು. ಈ ಸಲ 1/9 ಎಂದವರು ಮೂರು ಮಂದಿ. ಆ ಮೂವರ ಹೆಸರು ಶೀಟಿನಲ್ಲೇ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅವರನ್ನು ಕೂರಿಸಿಕೊಂಡು ಇನ್ನೊಂದು ಪಟ್ಟಿ ಮಡಿಸುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದರು.