ಶೈಲಿ ಎಲ್ಲಿ ಮುಗಿಯುತ್ತದೆ, ಪಾತ್ರ ಎಲ್ಲಿ ಆರಂಭವಾಗುತ್ತದೆ: ರಬ್ಬರ್ ಹೋಸ್ ಚಿತ್ರಶೈಲಿಯ ಟಿಪ್ಪಣಿ

1920ರ ದಶಕದ ಕೊನೆ ಮತ್ತು 1930ರ ದಶಕದ ಆರಂಭದ ಕಪ್ಪು-ಬಿಳುಪು ವ್ಯಂಗ್ಯಚಿತ್ರ ಚಲನಚಿತ್ರಗಳ ಶೈಲಿಯನ್ನು ರಬ್ಬರ್ ಹೋಸ್ ಎನ್ನುತ್ತಾರೆ. ಒಂದು ಸಂಗೀತ ಕಾರ್ಯಕ್ರಮಕ್ಕೆ ಈ ಶೈಲಿಯಲ್ಲಿ ಪೋಸ್ಟರ್ ಬರೆಯಬೇಕು, ಅದರಲ್ಲಿ ಡ್ರಮ್ ಬಾರಿಸುವ ಒಂದು ಪ್ರಾಣಿ ಮತ್ತು ಒಬ್ಬ ಗಾಯಕ ಇರಬೇಕು ಎಂದು ಇಟ್ಟುಕೊಳ್ಳೋಣ. ನೋಡಿದವರಿಗೆ ಆ ಕಾಲ ನೆನಪಾಗಬೇಕು, ಆದರೆ ಯಾವುದೇ ನಿರ್ದಿಷ್ಟ ಪಾತ್ರವಾಗಲಿ ನಿಜವಾದ ವ್ಯಕ್ತಿಯಾಗಲಿ ನೆನಪಾಗಬಾರದು.

ಹಕ್ಕುಸ್ವಾಮ್ಯ ರಕ್ಷಿಸುವುದು ನಿರ್ದಿಷ್ಟ ಅಭಿವ್ಯಕ್ತಿಯನ್ನು. ಚಿತ್ರಿಸುವ ರೀತಿಯಂತಹ ಸಾಮಾನ್ಯ ಕಲ್ಪನೆಯನ್ನಲ್ಲ. ಇಷ್ಟು ಓದಿದರೆ ತಿಳಿಯುತ್ತದೆ. ಗೊಂದಲ ಹುಟ್ಟುವುದು ಕಣ್ಣೆದುರಿಗಿರುವ ಒಂದು ಲಕ್ಷಣ, ಉದಾಹರಣೆಗೆ ಬಿಳಿ ಕೈಗವಸು, ಶೈಲಿಗೆ ಸೇರಿದ್ದೋ ಪಾತ್ರಕ್ಕೆ ಸೇರಿದ್ದೋ ಎಂದು ನಿರ್ಧರಿಸಬೇಕಾದಾಗ. ಕೈಗವಸು ಕಂಡೊಡನೆ ಮಿಕ್ಕಿ ಮೌಸ್ ನೆನಪಾಗುವುದು ಸಹಜ. ಆದರೆ ಡಿಸ್ನಿ ಮಾತ್ರವಲ್ಲ, ಫ್ಲೈಷರ್, ವಾಲ್ಟರ್ ಲ್ಯಾಂಟ್ಜ್ ಮುಂತಾದವರ ಸ್ಟುಡಿಯೋಗಳ ಪಾತ್ರಗಳೂ ಕೈಗವಸು ತೊಟ್ಟಿದ್ದವು. ಕಪ್ಪು ಮೈಯ ಮೇಲೆ ಕಪ್ಪು ಕೈ ಬಂದರೆ ಏನೂ ಕಾಣುವುದಿಲ್ಲ ಎಂಬ ಕಷ್ಟಕ್ಕೆ ಅದು ಎಲ್ಲರೂ ಕಂಡುಕೊಂಡ ಪರಿಹಾರವಾಗಿತ್ತು. ಹಾಗಾಗಿ ನಾನು ಇಟ್ಟುಕೊಂಡಿರುವ ಅಳತೆಗೋಲು ಇದು: ಪರಸ್ಪರ ಸಂಬಂಧವಿಲ್ಲದ ಕನಿಷ್ಠ ಮೂವರು ಕಲಾವಿದರ ಕೆಲಸದಲ್ಲಿ ಕಾಣುವ ಲಕ್ಷಣ ಶೈಲಿಯದ್ದು, ಒಂದೇ ಪಾತ್ರದಲ್ಲಿ ಕಾಣುವುದು ಆ ಪಾತ್ರದ್ದು. ಮೊಣಕೈ ಇಲ್ಲದೆ ಬಳುಕುವ ತೋಳು, ತುಂಡು ಕತ್ತರಿಸಿದ ಹೋಳಿಗೆಯಂತಿರುವ ಕಣ್ಣು, ಒಂದೇ ದಪ್ಪದ ಶಾಯಿಗೆರೆ, ತಾಳಕ್ಕೆ ಕುಣಿಯುವ ಮೈ ಇವೆಲ್ಲ ಮೊದಲ ಗುಂಪಿಗೆ ಸೇರುತ್ತವೆ.

ಆದರೆ ಈ ಅಳತೆಗೋಲು ಒಂದೊಂದೇ ಲಕ್ಷಣವನ್ನು ತೂಗುತ್ತದೆ, ಪಾತ್ರವಾದರೋ ಲಕ್ಷಣಗಳ ಜೋಡಣೆಯಲ್ಲಿರುತ್ತದೆ. ಡಿಸಿ ಕಾಮಿಕ್ಸ್ ಮತ್ತು ಟೌಲ್ ನಡುವಿನ, ಬ್ಯಾಟ್‌ಮ್ಯಾನ್ ಓಡಿಸುವ ಕಾರಾದ ಬ್ಯಾಟ್‌ಮೊಬೈಲ್ ಪ್ರಕರಣದಲ್ಲಿ (2015) ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಪಾತ್ರವು ಎಲ್ಲಿ ಕಂಡರೂ ಅದೇ ಎಂದು ಗುರುತಿಸಬಹುದಾದಷ್ಟು ಸ್ಪಷ್ಟವಾಗಿ ರೂಪುಗೊಂಡಿದೆಯೇ, ಅದರಲ್ಲಿ ವಿಶಿಷ್ಟವಾದ ಅಭಿವ್ಯಕ್ತಿ ಇದೆಯೇ ಎಂದು ಕೇಳಿಕೊಂಡಿತು. ಡ್ರಮ್ ಬಾರಿಸುವ ಪ್ರಾಣಿಯನ್ನು ಕಪ್ಪು ಇಲಿಯನ್ನಾಗಿ ಬರೆದು, ತಲೆಯ ಮೇಲೆ ಎರಡು ದುಂಡು ಕಿವಿ ಇಟ್ಟು, ಚಡ್ಡಿಯ ಬಣ್ಣ ಬದಲಿಸಿ, ಬಾಲ ತೆಗೆದುಬಿಟ್ಟರೂ ಚಿತ್ರ ಮಿಕ್ಕಿಯಿಂದ ಬೇರೆಯಾಗುವುದಿಲ್ಲ. ಮಿಕ್ಕಿಯ ಕಿವಿಗಳು ಯಾವ ದಿಕ್ಕಿನಿಂದ ನೋಡಿದರೂ ದುಂಡಾಗಿಯೇ ಇರುತ್ತವೆ ಎಂಬುದೇ ಅದರ ಗುರುತು, ಮತ್ತು ಬಣ್ಣ ಬದಲಿಸುವುದರಿಂದ ಆಕಾರ ಬದಲಾಗುವುದಿಲ್ಲ.

ಆದ್ದರಿಂದ ಚಿತ್ರವನ್ನು ಒಳಗೆ ಪೂರ್ತಿ ಕಪ್ಪಾಗಿ ತುಂಬಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ, ಅದನ್ನು ಮೊದಲು ಕಂಡಿರದ ಒಬ್ಬರಿಗೆ ತೋರಿಸಬೇಕು. "ಹಳೆಯ ಕಾರ್ಟೂನ್" ಎಂದರೆ ಸರಿ, ಹೆಸರು ಹೇಳಿದರೆ ಮತ್ತೆ ಬರೆಯಬೇಕು. ಇಲಿಯ ಬದಲು ಆಮೆಯನ್ನು ತೆಗೆದುಕೊಂಡಾಗ ಗುಮ್ಮಟದಂತಹ ಚಿಪ್ಪು, ಮುಂದಕ್ಕೆ ಚಾಚಿದ ಉದ್ದನೆಯ ಕೊರಳು, ಕುಳಿತ ಭಂಗಿ ಎಲ್ಲವೂ ಕಪ್ಪು ಆಕೃತಿಯಲ್ಲೇ ಬೇರೆಯಾಗಿ ನಿಂತವು. ಬಳುಕುವ ತೋಳುಗಳು ಮಾತ್ರ ಆ ಕಾಲವನ್ನು ಹೇಳುತ್ತಿದ್ದವು. ಬಳಿಕವೇ ಹೋಳುಗಣ್ಣು, ಕೈಗವಸು, ಹಳೆಯ ಫಿಲ್ಮಿನ ಗೀರುಗಳನ್ನು ಸೇರಿಸಬೇಕು. ಮೊದಲೇ ಸೇರಿಸಿದರೆ ಅವು ಆಕೃತಿಯ ದೋಷವನ್ನು ಮುಚ್ಚಿಬಿಡುತ್ತವೆ.

ಹಕ್ಕುಸ್ವಾಮ್ಯ ಮುಗಿದ ಪಾತ್ರವನ್ನೇ ಬಳಸಬಹುದಲ್ಲ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಅಮೆರಿಕದಲ್ಲಿ 1928ರ ಸ್ಟೀಮ್‌ಬೋಟ್ ವಿಲ್ಲಿಯ ಮಿಕ್ಕಿ 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾಯಿತು, ಆದರೆ ಆ ಚಿತ್ರದಲ್ಲಿ ಅವನಿಗೆ ಕೈಗವಸು ಇರಲಿಲ್ಲ. ನಂತರ ಸೇರಿದ ಪ್ರತಿಯೊಂದು ಲಕ್ಷಣಕ್ಕೂ ಅದರದೇ ಅವಧಿ ಇರುತ್ತದೆ. ಟ್ರೇಡ್‌ಮಾರ್ಕ್ ಬೇರೆಯೇ ವಿಷಯ. ದೇಶ ಬದಲಾದರೆ ಅವಧಿಯೂ ಬದಲಾಗುತ್ತದೆ.

ಗಾಯಕನ ವಿಷಯದಲ್ಲಿ, ಮುಖವನ್ನು ಬದಲಿಸಿದರೆ ಸಾಕು ಎಂಬ ನಂಬಿಕೆಯೇ ದೊಡ್ಡ ತೊಡಕು. ಸ್ಯಾಮ್‌ಸಂಗ್‌ನ ಒಂದು ಜಾಹೀರಾತಿನಲ್ಲಿ ವಿಗ್ ಹಾಕಿ ಗೌನು, ಆಭರಣ ತೊಟ್ಟ ರೋಬೋ ಒಂದು ಆಟದ ಫಲಕದ ಪಕ್ಕ ನಿಂತಿತ್ತು. ಅಲ್ಲಿ ಯಾರ ಮುಖವೂ ಇರಲಿಲ್ಲ. ಆದರೂ ಅದು ಅಮೆರಿಕದ ಟಿವಿ ಆಟದ ಕಾರ್ಯಕ್ರಮವೊಂದರಲ್ಲಿ ಅಂಥದೇ ಫಲಕದ ಪಕ್ಕ ನಿಂತು ಹೆಸರಾದ ವಾನ್ನಾ ವೈಟ್ ಅವರನ್ನೇ ಸೂಚಿಸುತ್ತದೆ ಎಂಬ ಅವರ ದಾವೆಯನ್ನು ಅದೇ ಒಂಬತ್ತನೇ ಸರ್ಕಿಟ್ 1992ರಲ್ಲಿ ವಿಚಾರಣೆಗೆ ಯೋಗ್ಯವೆಂದು ಒಪ್ಪಿತು. ಅಂದರೆ ಕೇಶವಿನ್ಯಾಸ, ಉಡುಪು, ನಿಲುವು, ಪಕ್ಕದ ವಸ್ತು ಒಟ್ಟಿಗೆ ಸೇರಿದರೆ ಅವೇ ಹೆಸರಾಗುತ್ತವೆ. ಹಾಗಾಗಿ ಪೋಸ್ಟರಿನ ಗಾಯಕನ ತಲೆಗೂದಲಿಗೆ, ಅಂಗಿಗೆ, ಮೈಕ್ ಹಿಡಿಯುವ ರೀತಿಗೆ ಬೇರೆ ಬೇರೆ ಛಾಯಾಚಿತ್ರಗಳನ್ನು ನೋಡಿ ಬರೆಯುವುದು ಒಳ್ಳೆಯದು. ಮುಖವನ್ನು ಬೆರಳಿನಿಂದ ಮುಚ್ಚಿ ನೋಡಿದಾಗ ಯಾರಾದರೊಬ್ಬರು ಹೊಳೆದರೆ, ಮೊದಲು ಬದಲಿಸಬೇಕಾದದ್ದು ಮೂಗನ್ನಲ್ಲ, ಆ ವ್ಯಕ್ತಿಯನ್ನು ಹೊಳೆಯಿಸಿದ ಜೋಡಣೆಯನ್ನು.