ತೋಳು ಇಳಿಸಿ, ಆಮೇಲೆ ಕಂಕುಳು ಮುಟ್ಟಿ

ಸ್ತನದ ಗಡ್ಡೆಯ ಕೇಸ್ ತೆಗೆದುಕೊಂಡ ವಿದ್ಯಾರ್ಥಿಗಳ ಶೀಟ್ ನೋಡುತ್ತಾ ಹೋದರೆ ಒಂದು ಸಾಲು ತಪ್ಪದೆ ಸಿಗುತ್ತದೆ: ‘ಆಕ್ಸಿಲಾ ನಾರ್ಮಲ್.’ ಹೇಗೆ ಪರೀಕ್ಷೆ ಮಾಡಿದಿರಿ, ತೋರಿಸಿ ಎಂದರೆ, ಆ ತಾಯಿಯ ಎರಡೂ ಕೈಗಳನ್ನು ತಲೆಯ ಮೇಲೆ ಇಡಿಸಿ, ಕಂಕುಳಿನ ಗುಂಡಿಯಲ್ಲಿ ಎರಡು ಬೆರಳಿಂದ ಹಿಸುಕಿ ತೋರಿಸುತ್ತಾರೆ. ಹಾಗೆ ಮುಟ್ಟಿದರೆ ನಾರ್ಮಲ್ ಅಲ್ಲದೆ ಮತ್ತೇನೂ ಸಿಗುವುದಿಲ್ಲ.

ಕೈ ಎತ್ತಿಸುವುದಕ್ಕೆ ಕಾರಣವಿದೆ. ಚರ್ಮ ಎಲ್ಲಾದರೂ ಗುಳಿ ಬೀಳುತ್ತದೆಯೇ, ಮೊಲೆತೊಟ್ಟು ಒಂದು ಕಡೆಗೆ ಎಳೆಯುತ್ತದೆಯೇ ಎಂದು ಕಣ್ಣಲ್ಲಿ ನೋಡುವಾಗ ಕೈ ಮೇಲಿರಬೇಕು. ನೋಡಿ ಮುಗಿದ ಮೇಲೆ ಕೈ ಇಳಿಸಬೇಕೆಂಬುದನ್ನು ಮಾತ್ರ ಮರೆಯುತ್ತಾರೆ. ತೋಳು ಮೇಲಕ್ಕೆ ಹೋದಷ್ಟೂ ಪೆಕ್ಟೊರಾಲಿಸ್ ಮೇಜರ್ ಸ್ನಾಯು ಎಳೆದುಕೊಳ್ಳುತ್ತದೆ, ಕಂಕುಳಿನ ತಳದ ಫೇಶಿಯಾ ಮದ್ದಳೆಯ ಚರ್ಮದ ಹಾಗೆ ಬಿಗಿಯುತ್ತದೆ. ನಾವು ಹುಡುಕುವ ನೋಡ್‌ಗಳು, ಅಂದರೆ ಲಿಂಫ್ ದ್ರವ ಬಂದು ಸೇರುವ ಗ್ರಂಥಿಗಳು, ಅದರ ಆಚೆ, ಕೊಬ್ಬಿನಲ್ಲಿ ಅಡಗಿರುತ್ತವೆ. ಬಿಗಿದ ತಳವನ್ನು ಒತ್ತಿದರೆ ಆಕೆಗೆ ನೋವಾಗುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ.

ಹಾಗಾಗಿ ಕ್ರಮ ಹೀಗೆ. ಆಕೆಯನ್ನು ಕೂರಿಸಿ, ಎದುರು ನಿಲ್ಲಿ. ಎಡ ಕಂಕುಳಿಗೆ ನಿಮ್ಮ ಬಲಗೈ. ತೋಳನ್ನು ಸ್ವಲ್ಪ ಎತ್ತಿಸಿ, ನಾಲ್ಕು ಬೆರಳು ಜೋಡಿಸಿ, ಅಂಗೈ ಎದೆಗೂಡಿನ ಕಡೆ ಇರುವಂತೆ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಸೇರಿಸಿ. ಈಗ ತೋಳನ್ನು ಇಳಿಸಿ, ಆಕೆಯ ಮುಂಗೈಯ ಭಾರ ನಿಮ್ಮ ಮುಂಗೈ ಮೇಲೆ ಬೀಳಲಿ. ‘ಅಮ್ಮಾ, ಕೈ ನನ್ನ ಮೇಲೆ ಬಿಡಿ, ನೀವು ಹಿಡ್ಕೋಬೇಡಿ’ ಎಂದು ಹೇಳಬೇಕು. ನಾಚಿಕೆಯಿಂದ ಇಡೀ ಮೈ ಬಿಗಿಹಿಡಿದು ಕೂತವರಿಗೆ ಇದನ್ನು ಎರಡು ಸಲವಾದರೂ ಹೇಳಬೇಕಾಗುತ್ತದೆ. ಪಕ್ಕದಲ್ಲಿ ಸಿಸ್ಟರ್ ಇರಬೇಕು, ಪರದೆ ಎಳೆದಿರಬೇಕು, ನಿಮ್ಮ ಕೈ ತಣ್ಣಗಿರಬಾರದು. ತೋಳು ಭಾರವಾಗಿ ನಿಮ್ಮ ಮೇಲೆ ಒರಗಿತು ಎಂದಾದಾಗ ಮಾತ್ರ ಬೆರಳತುದಿಗಳನ್ನು ಪಕ್ಕೆಲುಬಿನ ಮೇಲೆ ಒತ್ತಿ ನಿಧಾನವಾಗಿ ಕೆಳಗೆ ಜಾರಿಸಿ. ನೋಡ್ ಇದ್ದರೆ ಬೆರಳಿಗೂ ಎಲುಬಿಗೂ ನಡುವೆ ಸಿಕ್ಕಿ ಜಾರುತ್ತದೆ. ಕಂಕುಳಿನ ನೋಡ್‌ಗಳ ಐದು ಗುಂಪುಗಳಲ್ಲಿ ಹೀಗೆ ಸಿಗುವುದು ಸೆಂಟ್ರಲ್ ಗುಂಪು. ಕೈಗೆ ಹೆಚ್ಚಾಗಿ ಸಿಗುವುದೂ ಇದೇ.

ಇಷ್ಟಕ್ಕೇ ನಿಲ್ಲಿಸುವವರು ಬಹಳ. ಆದರೆ ಸ್ತನದ ಲಿಂಫ್‌ಗೆ ಸಾಮಾನ್ಯವಾಗಿ ಮೊದಲ ನಿಲ್ದಾಣ ಸೆಂಟ್ರಲ್ ಅಲ್ಲ. ಸ್ತನದ ಲಿಂಫ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಕಂಕುಳಿಗೆ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಮೊದಲು ಪೆಕ್ಟೊರಲ್ ಗುಂಪಿಗೆ. ಇವು ಲ್ಯಾಟರಲ್ ಥೊರಾಸಿಕ್ ರಕ್ತನಾಳದ ಜೊತೆ, ಕಂಕುಳಿನ ಮುಂದಿನ ಮಡಿಕೆಯ ಹಿಂದೆ ಇರುತ್ತವೆ. ಅಲ್ಲಿಂದ ಸೆಂಟ್ರಲ್, ಅಲ್ಲಿಂದ ಕಾಲರ್ ಎಲುಬಿನ ಹಿಂದಿನ ಏಪಿಕಲ್, ಆಮೇಲೆ ಕತ್ತಿನ ಬುಡದ ದೊಡ್ಡ ರಕ್ತನಾಳ. ಪೆಕ್ಟೊರಲ್ ಗುಂಪನ್ನು ಹಿಡಿಯಲು ಅದೇ ಕೈಯ ಬೆರಳುಗಳನ್ನು ಮುಂದಿನ ಮಡಿಕೆಯ ಹಿಂದೆ, ಅಂಗೈ ಮುಂದಕ್ಕೆ ಮಾಡಿ ಸೇರಿಸಿ, ಹೆಬ್ಬೆರಳಿಂದ ಸ್ನಾಯುವನ್ನು ಹೊರಗಿನಿಂದ ಒತ್ತಿ ನಡುವೆ ಹಿಡಿಯಬೇಕು. ಇಲ್ಲೂ ತೋಳು ಇಳಿದಿರಬೇಕು. ಬಿಗಿದ ಸ್ನಾಯುವಿನ ಹಿಂದೆ ಬೆರಳು ಹೋಗುವುದೇ ಇಲ್ಲ.

ಇನ್ನೆರಡು ಗುಂಪುಗಳಿಗೆ ಬೇರೆ ಊರಿನ ಲಿಂಫ್ ಬರುತ್ತದೆ. ಲ್ಯಾಟರಲ್ ಗುಂಪು ತೋಳಿನ ಎಲುಬಿನ ಮೇಲ್ತುದಿಯ ಪಕ್ಕ, ಆಕ್ಸಿಲರಿ ವೇನ್ ಜೊತೆಗಿದೆ. ಕೈಯ ಲಿಂಫ್ ಹೆಚ್ಚಿನದು ಅಲ್ಲಿಗೆ. ಇದಕ್ಕೆ ಎಡ ಕಂಕುಳಿಗೆ ಎಡಗೈ ಹಾಕಿ, ಅಂಗೈ ತೋಳಿನ ಕಡೆ ತಿರುಗಿಸಿ. ಸಬ್‌ಸ್ಕ್ಯಾಪುಲರ್ ಗುಂಪು ಹಿಂದಿನ ಮಡಿಕೆಯ ಒಳಮೈಯಲ್ಲಿದೆ, ಬೆನ್ನಿನದು ಅಲ್ಲಿಗೆ. ಇದಕ್ಕೆ ಆಕೆಯ ಹಿಂದೆ ಹೋಗಿ ನಿಲ್ಲಿ. ಈ ಗುಂಪುಗಳಿಗೆ ಸ್ತನದ ಕಾಯಿಲೆ ಬರುವುದೇ ಇಲ್ಲ ಎಂದಲ್ಲ, ಬರುತ್ತದೆ. ಆದರೆ ಅಲ್ಲಿ ಒಂದು ನೋಡ್ ಸಿಕ್ಕರೆ ಕೈ, ಬೆನ್ನು ಎರಡನ್ನೂ ನೋಡದೆ ಬಾಯಿ ತೆರೆಯಬೇಡಿ.

ಐವತ್ತು ದಾಟಿದ, ತೋಟದ ಕೆಲಸ ಮಾಡುವ ಒಬ್ಬ ಅಮ್ಮನ ಕೇಸ್ ಹೇಳುತ್ತೇನೆ. ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಎಡ ಸ್ತನದ ಮೇಲಿನ ಹೊರಭಾಗದಲ್ಲಿ 3 ಸೆಂ.ಮೀ. ಗಡ್ಡೆ, ಗಟ್ಟಿ, ನೋವಿಲ್ಲ. ಹೌಸ್ ಸರ್ಜನ್ ಹುಡುಗ ಕಂಕುಳು ನಾರ್ಮಲ್ ಎಂದು ಬರೆದಿದ್ದ. ತೋಳು ಇಳಿಸಿ ನೋಡಿದ ಪಿಜಿ ವಿದ್ಯಾರ್ಥಿನಿಗೆ ಮೂರು ನೋಡ್ ಸಿಕ್ಕವು. ‘ಸರ್, ಮೂರೂ ಸ್ತನದ್ದೇ’ ಎಂದಳು.

‘ಮೂರೂ ಒಂದೇ ತರ ಇವೆಯೇನಮ್ಮ?’

ಮತ್ತೆ ಮುಟ್ಟಿ ನೋಡಿದಳು. ಮುಂದಿನ ಮಡಿಕೆಯ ಹಿಂದಿನದು ಒಂದೂವರೆ ಸೆಂ.ಮೀ., ಕಲ್ಲಿನಂತೆ ಗಟ್ಟಿ, ನೋವಿಲ್ಲ, ಆದರೆ ಅಲುಗಾಡುತ್ತಿತ್ತು. ಸೆಂಟ್ರಲ್ ಗುಂಪಿನದು ಅದಕ್ಕಿಂತ ಚಿಕ್ಕದು, ಅದೇ ಗುಣ. ತೋಳಿನ ಪಕ್ಕದ್ದು ಮಾತ್ರ ಮೆತ್ತಗಿತ್ತು, ಒತ್ತಿದಾಗ ಅಮ್ಮ ‘ಹಾ!’ ಎಂದರು. ಅವರ ಎಡಗೈ ಮಡಿಲಲ್ಲಿ ಸೆರಗಿನ ಕೆಳಗಿತ್ತು. ತೋರಿಸಿ ಎಂದರೆ ಹೆಬ್ಬೆರಳಿಗೆ ಉಗುರುಸುತ್ತು, ಕೀವು ತುಂಬಿ ಕೆಂಪಗಾಗಿತ್ತು. ‘ಅದೇನು ಬಿಡಿ ಡಾಕ್ಟ್ರೇ, ಗುದ್ದಲಿ ಹಿಡ್ಯೋರಿಗೆ ಇದ್ದದ್ದೇ’ ಎಂದು ಮತ್ತೆ ಸೆರಗೊಳಗೆ ಎಳೆದುಕೊಂಡರು.

ಅಲ್ಟ್ರಾಸೌಂಡ್‌ನಲ್ಲಿ ಮುಂದಿನ ಮಡಿಕೆಯ ಹಿಂದಿನ ನೋಡ್‌ನ ಹೊರಪದರ ದಪ್ಪವಾಗಿ, ನಡುವಿನ ಕೊಬ್ಬು ಮಾಯವಾಗಿತ್ತು. ಸೂಜಿ ಹಾಕಿ ತೆಗೆದದ್ದರಲ್ಲಿ ಕ್ಯಾನ್ಸರ್ ಕೋಶಗಳಿದ್ದವು. ತೋಳಿನ ಪಕ್ಕದ ನೋಡ್‌ನಲ್ಲಿ ನಡುವಿನ ಕೊಬ್ಬು ಹಾಗೇ ಇತ್ತು, ಉಗುರುಸುತ್ತು ವಾಸಿಯಾದ ಮೇಲೆ ಅದು ಕೈಗೆ ಸಿಗಲೂ ಇಲ್ಲ. ಪ್ರತಿ ಸಲ ಹೀಗೆ ಬಿಡಿಸಿಕೊಂಡು ಬರುತ್ತದೆ ಎಂದು ನಂಬಬೇಡಿ. ಸ್ತನದಲ್ಲಿ ಗಡ್ಡೆ ಇರುವಾಗ ಅದೇ ಕಡೆಯ ಯಾವ ನೋಡನ್ನೂ ಬರೀ ಕೈಯಲ್ಲಿ ಮುಟ್ಟಿ ನಿರಪರಾಧಿ ಎಂದು ಬಿಟ್ಟುಕೊಡುವಂತಿಲ್ಲ.

ನೋಡ್ ಸಿಕ್ಕ ಮೇಲೆ ಅಲುಗಾಡಿಸಿ ನೋಡುವುದನ್ನೂ ಬಿಡುತ್ತಾರೆ. ಕ್ಯಾನ್ಸರ್ ನೋಡ್‌ಗಳಿಗೆ ಎಷ್ಟು ಹರಡಿದೆ ಎಂಬ ಹಂತದ ಲೆಕ್ಕದಲ್ಲಿ, ಅಲುಗಾಡಿದರೆ ಎನ್1. ಒಂದಕ್ಕೊಂದು ಅಂಟಿಕೊಂಡಿದ್ದರೆ, ಅಥವಾ ಸುತ್ತಲಿನ ಭಾಗಕ್ಕೆ ಕಚ್ಚಿಕೊಂಡಿದ್ದರೆ ಎನ್2. ಈ ಅಮ್ಮನದು ಎನ್1. ಚರ್ಮದ ಜೊತೆಗೇ ಚಲಿಸುವ ಗಂಟಾದರೆ ಅದು ಬೆವರುಗ್ರಂಥಿಯ ಕುರು ಆಗಿರಬಹುದು. ಸ್ತನದ ಬಾಲ ಕಂಕುಳಿನೊಳಗೆ ಚಾಚಿರುವುದೂ ಉಂಟು, ಅದನ್ನು ನೋಡ್ ಎಂದು ಬರೆದವರನ್ನು ನೋಡಿದ್ದೇನೆ.

ಒಳಭಾಗದ ಗಡ್ಡೆಯಾದರೆ ಕಂಕುಳು ನೋಡಬೇಕಿಲ್ಲ, ಅದು ಎದೆಮೂಳೆಯ ಪಕ್ಕದ ನೋಡ್‌ಗಳಿಗೆ ಹೋಗುತ್ತದೆ ಎನ್ನುವ ಜಾಣರೂ ಇದ್ದಾರೆ. ಒಳಭಾಗದಿಂದ ಆ ದಾರಿಯೂ ಇದೆ, ನಿಜ. ಆದರೂ ಅಲ್ಲಿಂದಲೂ ಹೆಚ್ಚಿನದು ಕಂಕುಳಿಗೇ. ಪಕ್ಕೆಲುಬುಗಳ ಹಿಂದಿರುವ ಆ ನೋಡ್‌ಗಳು ಸಾಮಾನ್ಯವಾಗಿ ನಿಮ್ಮ ಬೆರಳಿಗೆ ಸಿಗುವಂಥವೂ ಅಲ್ಲ. ಏಪಿಕಲ್ ನೋಡ್ ಕೂಡ ಚೆನ್ನಾಗಿ ಊದಿಕೊಳ್ಳುವ ತನಕ ಸಿಗುವುದು ಕಷ್ಟ. ಆದರೆ ಕಾಲರ್ ಎಲುಬಿನ ಮೇಲಿನ ಗುಂಡಿಯನ್ನು ಹಿಂದೆ ನಿಂತು, ಭುಜ ಸ್ವಲ್ಪ ಎತ್ತಿಸಿ ನೋಡಲೇಬೇಕು. ಅಲ್ಲಿ ಕಾಯಿಲೆಯ ನೋಡ್ ಇದ್ದರೆ ಲೆಕ್ಕ ಎನ್3ಕ್ಕೆ ಏರುತ್ತದೆ.

ಎಷ್ಟೇ ಸರಿಯಾಗಿ ನೋಡಿದರೂ ಕೈಗೆ ಸಿಗದ ಕಾಯಿಲೆ ನೋಡ್‌ನೊಳಗೆ ಇರಬಹುದು. ಗಡ್ಡೆಯ ಲಿಂಫ್ ಮೊದಲು ತಲುಪುವ ಸೆಂಟಿನೆಲ್ ನೋಡ್ ತೆಗೆದು ನೋಡುವ ಪದ್ಧತಿ ಬಂದದ್ದೇ ಅದಕ್ಕೆ. ಆದ್ದರಿಂದ ಏನೂ ಸಿಗದಿದ್ದರೆ ‘ನಾರ್ಮಲ್’ ಎನ್ನಬೇಡಿ. ‘ತೋಳು ಆಧರಿಸಿ ಐದೂ ಗುಂಪು ನೋಡಲಾಯಿತು, ನೋಡ್ ಕೈಗೆ ಸಿಗಲಿಲ್ಲ’ ಎಂದು ಬರೆಯಿರಿ. ಇನ್ನೊಂದು ಕಡೆಯ ಕಂಕುಳನ್ನೂ ಹೀಗೇ ನೋಡಿ, ಅದನ್ನೂ ಪಕ್ಕದಲ್ಲೇ ಬರೆಯಿರಿ.