ಮೆಡಿಕಲ್ ಶಾಪಿನಲ್ಲಿ ಯಾವ ಲೈನಿಗೆ ಜಾಸ್ತಿ ಸ್ಟಾಕ್ ಹಾಕಬೇಕು?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿ ಒಂದು ಮೆಡಿಕಲ್ ಶಾಪ್. ಬಿಪಿ, ಶುಗರ್ ಮಾತ್ರೆಗಳು ಬೇಗ ಖರ್ಚಾಗುತ್ತವೆ, ಆದರೆ ಮಾರ್ಜಿನ್ ಕಡಿಮೆ. ಪ್ರೋಟೀನ್ ಪೌಡರ್‌ನಲ್ಲಿ ಮಾರ್ಜಿನ್ ಚೆನ್ನಾಗಿದೆ, ಡಬ್ಬಿ ಮಾತ್ರ ರ‍್ಯಾಕಿನಲ್ಲೇ ಕೂತಿರುತ್ತದೆ. ಕೈಯಲ್ಲಿರುವ ದುಡ್ಡನ್ನು ಯಾವುದಕ್ಕೆ ಹಾಕಲಿ?

ಉತ್ತರ: ಮಾರ್ಜಿನ್ ಒಂದನ್ನೇ ನೋಡಿದರೂ ತಪ್ಪು, ಓಟ ಒಂದನ್ನೇ ನೋಡಿದರೂ ತಪ್ಪು. ಎರಡನ್ನೂ ಗುಣಿಸಿ ನೋಡಬೇಕು. ಅಂಗಡಿ ಲೆಕ್ಕದಲ್ಲಿ ಇದಕ್ಕೆ ಎರಡು ಸೂತ್ರಗಳಿವೆ.

ಮೊದಲನೆಯದು ಸ್ಟಾಕ್ ಟರ್ನೋವರ್. ವರ್ಷದಲ್ಲಿ ಮಾರಿದ ಮಾಲಿನ ಕೊಂಡ ಬೆಲೆಯನ್ನು ಸರಾಸರಿ ಸ್ಟಾಕಿನಿಂದ ಭಾಗಿಸಿ. ಹಾಕಿದ ದುಡ್ಡು ವರ್ಷಕ್ಕೆ ಎಷ್ಟು ಸಲ ತಿರುಗಿತು ಅಂತ ಗೊತ್ತಾಗುತ್ತದೆ. ಎರಡನೆಯದು ಜಿಎಂಆರ್‌ಒಐ. ವರ್ಷದ ಒಟ್ಟು ಮಾರ್ಜಿನ್ನನ್ನು ಅದೇ ಸರಾಸರಿ ಸ್ಟಾಕಿನಿಂದ ಭಾಗಿಸಿ. ರ‍್ಯಾಕಿನಲ್ಲಿ ಕೂತ ಒಂದೊಂದು ರೂಪಾಯಿ ವರ್ಷಕ್ಕೆ ಎಷ್ಟು ದುಡಿಯಿತು ಅನ್ನುವುದು ಇದರಲ್ಲಿ ಕಾಣುತ್ತದೆ. ಎರಡಕ್ಕೂ ಸ್ಟಾಕನ್ನು ಕೊಂಡ ಬೆಲೆಯಲ್ಲೇ ಹಿಡಿಯಬೇಕು, ಎಂಆರ್‌ಪಿಯಲ್ಲಿ ಅಲ್ಲ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಎಲ್ಲ ಅಂಕಿಗಳೂ ಜಿಎಸ್‌ಟಿ ಬಿಟ್ಟು.

ಬಿಪಿ-ಶುಗರ್ ಮಾತ್ರೆ ವರ್ಷಕ್ಕೆ 12 ಲಕ್ಷ ರೂಪಾಯಿ ಮಾರಾಟ. ಮಾರ್ಜಿನ್ 18%, ಅಂದರೆ 2,16,000. ಕೊಂಡ ಬೆಲೆ 9,84,000. ಸರಾಸರಿ ಸ್ಟಾಕ್ 82,000. ಟರ್ನೋವರ್ 12, ಜಿಎಂಆರ್‌ಒಐ 2.63.

ಪ್ರೋಟೀನ್ ಪೌಡರ್ 3 ಲಕ್ಷ ಮಾರಾಟ. ಮಾರ್ಜಿನ್ 30%, ಅಂದರೆ 90,000. ಸರಾಸರಿ ಸ್ಟಾಕ್ 70,000. ಟರ್ನೋವರ್ ಬರೀ 3, ಜಿಎಂಆರ್‌ಒಐ 1.29. ಶೇಕಡಾವಾರು ಮಾರ್ಜಿನ್ನಿನಲ್ಲಿ ಗೆದ್ದ ಲೈನು ಇಲ್ಲಿ ಅರ್ಧಕ್ಕೂ ಬರಲಿಲ್ಲ.

ಹಾಗಂತ ನಿಧಾನಕ್ಕೆ ಹೋಗುವುದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಹತ್ತಿ, ಬ್ಯಾಂಡೇಜು, ಸಿರಿಂಜಿನಂಥ ಸರ್ಜಿಕಲ್ ಸಾಮಾನು ತೆಗೆದುಕೊಳ್ಳಿ. 1,50,000 ಮಾರಾಟ, 40% ಮಾರ್ಜಿನ್, 30,000 ಸ್ಟಾಕ್. ಟರ್ನೋವರ್ 3, ಜಿಎಂಆರ್‌ಒಐ 2. ಪಕ್ಕದಲ್ಲೇ ಡೈಪರ್: 2,40,000 ಮಾರಾಟ, 10% ಮಾರ್ಜಿನ್, 12,000 ಸ್ಟಾಕ್. ಟರ್ನೋವರ್ 18, ಜಿಎಂಆರ್‌ಒಐ ಅದೇ 2. ಒಂದು ಕೂತು ದುಡಿಯಿತು, ಇನ್ನೊಂದು ಓಡಿ ದುಡಿಯಿತು, ರೂಪಾಯಿಗೆ ಬಂದದ್ದು ಒಂದೇ. ಡೈಪರ್ ಪ್ಯಾಕುಗಳು ಅರ್ಧ ಗೋಡೆ ತಿನ್ನುತ್ತವೆ ಅನ್ನುವುದು ಬೇರೆ ಮಾತು. ಜಿಎಂಆರ್‌ಒಐ ದುಡ್ಡನ್ನು ಅಳೆಯುತ್ತದೆ, ಜಾಗವನ್ನು ಅಳೆಯುವುದಿಲ್ಲ.

ಒಂದು ಸುಲಭ ದಾರಿ ಇದೆ: ಕೊಂಡ ಬೆಲೆಯ ಮೇಲಿನ ಶೇಕಡಾ ಲಾಭವನ್ನು ಟರ್ನೋವರಿನಿಂದ ಗುಣಿಸಿದರೆ ಜಿಎಂಆರ್‌ಒಐ ಸಿಗುತ್ತದೆ. ಆದರೆ ಯಾವ ಶೇಕಡಾ ಅಂತ ಎಚ್ಚರ ಇರಲಿ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಥರದ ಬೆಲೆ ನಿಯಂತ್ರಣದಲ್ಲಿರುವ ಔಷಧಿಗಳಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟುವಾಗ ಅಂಗಡಿಯವರಿಗೆ 16% ಮಾರ್ಜಿನ್ ಸೇರಿಸುತ್ತದೆ. ಅದು ಅಂಗಡಿಗೆ ಬೀಳುವ ಬೆಲೆಯ ಮೇಲಿನ 16%. ಮಾರಿದ ಬೆಲೆಯ ಮೇಲೆ ಲೆಕ್ಕ ಹಾಕಿದರೆ 14%ಕ್ಕೂ ಕಡಿಮೆ. ಒಂದು ಲೈನಿಗೆ ಆ ಲೆಕ್ಕ, ಇನ್ನೊಂದಕ್ಕೆ ಈ ಲೆಕ್ಕ ಹಾಕಿದರೆ ಹೋಲಿಕೆಯೇ ಕೆಡುತ್ತದೆ.

ಇನ್ನು ಸರಾಸರಿ ಸ್ಟಾಕ್. ಹೆಚ್ಚಿನವರು ಜಾರುವುದು ಇಲ್ಲೇ. ಮಾರ್ಚ್ 31ರ ಸ್ಟಾಕನ್ನೇ ಹಿಡಿಯುತ್ತಾರೆ. ವರ್ಷದ ಕೊನೆ ಅಂತ ಆಗ ಖರೀದಿ ಬಿಗಿ ಹಿಡಿದಿರುತ್ತೇವೆ, ಸ್ಟಾಕ್ ಇಳಿದಿರುತ್ತದೆ, ಲೆಕ್ಕ ಸುಮ್ನೆ ಚೆನ್ನಾಗಿ ಕಾಣುತ್ತದೆ. 12 ತಿಂಗಳ ಕೊನೆಯ ಸ್ಟಾಕ್ ಕೂಡಿಸಿ 12ರಿಂದ ಭಾಗಿಸಿ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹಳೆಯ ತಾರೀಖಿನ ಸ್ಟಾಕ್ ರಿಪೋರ್ಟ್ ತೆಗೆಯಬಹುದು.

ಸ್ಕೀಮನ್ನೂ ಬಿಡಬೇಡಿ. 10+1 ಸ್ಕೀಮಿನಲ್ಲಿ 100 ರೂಪಾಯಿಯ ಸ್ಟ್ರಿಪ್ ನಿಮಗೆ ಬಿದ್ದದ್ದು ಸುಮಾರು 91ಕ್ಕೆ. ಅದನ್ನೇ ಕೊಂಡ ಬೆಲೆ ಅಂತ ಹಿಡಿಯಿರಿ. ಆದರೆ ಆ ಒಂದು ಫ್ರೀ ಸ್ಟ್ರಿಪ್ಪಿಗಾಗಿ ನಾಲ್ಕು ತಿಂಗಳ ಮಾಲು ಒಟ್ಟಿಗೆ ತಂದಿದ್ದರೆ ಮಾರ್ಜಿನ್ ಏರಿದಂತೆ ಕಂಡು ಜಿಎಂಆರ್‌ಒಐ ಇಳಿದಿರುತ್ತದೆ. ತಿಂಗಳ ಕೊನೆಗೆ ಟಾರ್ಗೆಟ್ ಮುಗಿಸಲು ಬರುವ ರೆಪ್‌ಗಳ ಮಾತಿಗೆ ಈ ಅಂಕಿಯೇ ಒಳ್ಳೆ ಉತ್ತರ. ಎಕ್ಸ್‌ಪೈರಿ ಆಗಿ ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳದ ಮಾಲನ್ನು ಆಯಾ ಲೈನಿನ ಮಾರ್ಜಿನ್ನಿನಲ್ಲೇ ಕಳೆಯಿರಿ. ಮೇಲಿನ ಪ್ರೋಟೀನ್ ಲೈನಿನಲ್ಲಿ 6,000 ರೂಪಾಯಿಯ ಡಬ್ಬಿ ಹೀಗೆ ಹೋಗಿದ್ದರೆ ಜಿಎಂಆರ್‌ಒಐ 1.2ಕ್ಕೆ ಬರುತ್ತದೆ.

ಈಗ ನಿಜವಾದ ಪ್ರಶ್ನೆ. ಬಿಪಿ-ಶುಗರ್ ಲೈನಿನದು 2.63 ಇದೆ, ಹಾಗಾದರೆ ಸ್ಟಾಕ್ ಡಬಲ್ ಮಾಡಿಬಿಡಲೇ? ಬೇಡ. ಸ್ಟಾಕ್ ಡಬಲ್ ಆಯಿತು ಅಂತ ಊರಿನಲ್ಲಿ ಶುಗರ್ ಇರುವವರು ಡಬಲ್ ಆಗುವುದಿಲ್ಲ, ಅಲ್ವಾ? ಮಾರಾಟ ಅಷ್ಟೇ ಇದ್ದು ಸ್ಟಾಕ್ 1,64,000 ಆದರೆ ಅದೇ ಲೈನು 1.32ಕ್ಕೆ ಇಳಿಯುತ್ತದೆ. 2.63 ಅನ್ನುವುದು ಈಗಾಗಲೇ ಹಾಕಿದ ದುಡ್ಡಿನ ದುಡಿಮೆ. ಮುಂದೆ ಹಾಕುವ ದುಡ್ಡು ಎಷ್ಟು ದುಡಿಯುತ್ತದೆ ಅನ್ನುವುದು ಬೇರೆ ಲೆಕ್ಕ.

ಅದಕ್ಕೆ ಬೇಕಾದದ್ದು ಶಾರ್ಟ್ ಬುಕ್. ಗಿರಾಕಿ ಕೇಳಿ, ನಾವು ‘ಇಲ್ಲ’ ಅಂದ ಪ್ರತಿ ಐಟಮ್ಮನ್ನೂ ಬರೆಯಿರಿ: ಹೆಸರು, ಎಷ್ಟು ಸ್ಟ್ರಿಪ್, ಕಾದು ಸಂಜೆ ಬಂದರೋ ಅಥವಾ ಎದುರಿನ ಅಂಗಡಿಗೆ ಹೋದರೋ. ಕಾದವರದ್ದನ್ನು ನಷ್ಟಕ್ಕೆ ಸೇರಿಸಬೇಡಿ. ಎರಡು ತಿಂಗಳು ಬರೆದರೆ ಸಾಕು, ಕೆಲವೇ ಐಟಮ್ಮುಗಳು ಪದೇ ಪದೇ ಕಾಣಿಸುತ್ತವೆ. ಯಾವುದೋ ಒಂದು ಕಾಂಬಿನೇಷನ್ನಿನ 50 ಎಂಜಿ ಇದೆ, 100 ಎಂಜಿ ಇಲ್ಲ ಅನ್ನುವಂಥವು.

ನಮ್ಮ ಉದಾಹರಣೆಯಲ್ಲಿ ಹೀಗೆ ಕೈತಪ್ಪಿದ ಬಿಪಿ-ಶುಗರ್ ಮಾರಾಟ ತಿಂಗಳಿಗೆ 9,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,08,000. 18% ಮಾರ್ಜಿನ್ ಅಂದರೆ 19,440. ಆ ಐಟಮ್ಮುಗಳನ್ನು ತಪ್ಪದೆ ಇಡಲು 12,000 ರೂಪಾಯಿ ಸ್ಟಾಕ್ ಬೇಕು. ಹೊಸ ರೂಪಾಯಿಯ ದುಡಿಮೆ 1.62. ಲೈನಿನ ಸರಾಸರಿಗಿಂತ ಕಡಿಮೆಯೇ, ಆದರೆ ಪ್ರೋಟೀನ್ ಡಬ್ಬಿಗಿಂತ ಜಾಸ್ತಿ.

ಆ 12,000 ಎಲ್ಲಿಂದ? ಪ್ರೋಟೀನ್‌ನಲ್ಲಿ ನಿಂತುಹೋದ ಫ್ಲೇವರು, ದೊಡ್ಡ ಪ್ಯಾಕು ತೆಗೆದು ಸ್ಟಾಕನ್ನು 45,000ಕ್ಕೆ ಇಳಿಸಿ. ಮಾರಾಟ 2,70,000ಕ್ಕೆ ಬಿದ್ದರೂ ಮಾರ್ಜಿನ್ 81,000, ಜಿಎಂಆರ್‌ಒಐ 1.8. ಹೋದದ್ದು 9,000 ಮಾರ್ಜಿನ್, ಕೈಗೆ ಬಂದದ್ದು 25,000 ಬಂಡವಾಳ. ಅದರಲ್ಲಿ 12,000 ಆ ಕಡೆ 19,440 ತರುತ್ತದೆ, ಉಳಿದ 13,000ದಲ್ಲಿ ಡಿಸ್ಟ್ರಿಬ್ಯೂಟರ್ ಬಾಕಿ ಕಡಿಮೆ ಮಾಡಬಹುದು.

ಕೆಲವನ್ನು ಮಾತ್ರ ಈ ತಕ್ಕಡಿಗೆ ಹಾಕಬೇಡಿ. ಫ್ರಿಜ್ಜಿನಲ್ಲಿರುವ ರೇಬಿಸ್ ಲಸಿಕೆಯ ಟರ್ನೋವರ್ ಕಡಿಮೆ ಇದ್ದರೂ ಬೇಕಾದ ದಿನ ಅದು ಇರಲೇಬೇಕು. ಚೀಟಿಯಲ್ಲಿ ಮೂರು ಔಷಧಿ ಬರೆದಿದ್ದು ಒಂದು ನಿಮ್ಮಲ್ಲಿ ಇಲ್ಲದಿದ್ದರೆ ಮೂರಕ್ಕೂ ಗಿರಾಕಿ ಬೇರೆ ಕಡೆ ಹೋಗುವುದುಂಟು. ಆ ಒಂದರ ಜಿಎಂಆರ್‌ಒಐ 0.6 ಇದ್ದರೂ ತೆಗೆಯುವ ಮುಂಚೆ ಹಳೆಯ ಬಿಲ್ಲುಗಳಲ್ಲಿ ಅದರ ಜೊತೆಗೆ ಏನೇನು ಹೋಗಿದೆ ಅಂತ ನೋಡಿ.